36 ಕಂತು ಕಟ್ಟಿದ ಮೇಲೆ ಅಸಲು ಎಷ್ಟು ಉಳೀತು? ನಾನು ಲೆಕ್ಕ ಹಾಕಿದ್ದು ಹೀಗೆ

ನಮ್ಮ ಪ್ರಿಂಟಿಂಗ್ ಅಂಗಡಿಗೆ ಮೆಷಿನ್ ತರಲು 10 ಲಕ್ಷ ಸಾಲ ಮಾಡಿದ್ದೆ. 9% ಫಿಕ್ಸೆಡ್ ಬಡ್ಡಿ, 120 ಕಂತು, ತಿಂಗಳಿಗೆ 12,668 ರೂಪಾಯಿ. ಮೂರು ವರ್ಷ ತಪ್ಪದೆ ಕಟ್ಟಿದೆ. ಆಮೇಲೆ ಒಂದು ಸೈಟ್ ಮಾರಿದ ದುಡ್ಡು ಕೈಗೆ ಬಂತು, ಸಾಲ ಮುಗಿಸಿಬಿಡೋಣ ಅಂತ ಕೂತೆ. ಕಟ್ಟಿದ್ದು 4.56 ಲಕ್ಷ, ಹಾಗಾದರೆ ಉಳಿದಿದ್ದು 5.44 ಲಕ್ಷ ಅಂದುಕೊಂಡೆ. ಬ್ಯಾಂಕಿನವರು ಬರೆದುಕೊಟ್ಟಿದ್ದು 7,89,652!

ಭಾವನಿಗೆ ಫೋನ್ ಮಾಡಿದೆ. "ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಅಂತ ಬೇರೆ ಮಾಡಿದೀರಾ? ಮೊದಲನೇ ತಿಂಗಳೇ 7,500 ಬಡ್ಡಿಗೆ ಹೋಗಿರುತ್ತೆ, ನೋಡಿ" ಅಂದ. ಹೌದಲ್ವಾ, 10 ಲಕ್ಷಕ್ಕೆ ತಿಂಗಳಿಗೆ 0.75% ಅಂದರೆ 7,500. ಅಸಲಿಗೆ ಸೇರಿದ್ದು ಬರೀ 5,168.

ಹೀಗೆ 36 ಸಾಲು ಶೆಡ್ಯೂಲ್ ಬರೆಯುವ ಬದಲು ಎಕ್ಸೆಲ್‌ನಲ್ಲಿ CUMPRINC ಅಂತ ಒಂದು ಫಂಕ್ಷನ್ ಇದೆ. ಇಂಥ ಕಂತಿನಿಂದ ಇಂಥ ಕಂತಿನವರೆಗೆ ತೀರಿದ ಅಸಲನ್ನು ಒಟ್ಟಾಗಿ ಕೊಡುತ್ತೆ. B1ರಲ್ಲಿ ಸಾಲ, B2ರಲ್ಲಿ ವರ್ಷದ ಬಡ್ಡಿ, B3ರಲ್ಲಿ ಒಟ್ಟು ಕಂತು, B4ರಲ್ಲಿ ಕಟ್ಟಿದ ಕಂತು ಹಾಕಿಕೊಂಡು ಹೀಗೆ ಬರೆದೆ:

```
=B1+CUMPRINC(B2/12,B3,B1,1,B4,0)
```

ಬಂದ ಉತ್ತರ ಸುಮಾರು 7,87,340. ಅಂದರೆ ಮೂರು ವರ್ಷದಲ್ಲಿ ಅಸಲು ತೀರಿದ್ದು 2,12,660 ಮಾತ್ರ. ಕೊನೆಯ 0 ಅಂದರೆ ಕಂತು ತಿಂಗಳ ಕೊನೆಗೆ ಕಟ್ಟುವುದು ಅಂತ, ಅದನ್ನು ಬಿಡುವ ಹಾಗಿಲ್ಲ.

ಇದು ಸರಿಹೋಗೋ ಮುಂಚೆ ಎರಡು ಸಲ ಎಡವಿದ್ದೆ. ಮೊದಲು B1ರಿಂದ ಕಳೆದಿದ್ದೆ, ಉತ್ತರ 12,12,660 ಬಂತು, ಕಟ್ಟಿದಷ್ಟೂ ಸಾಲ ಬೆಳೆದ ಹಾಗೆ! ಕಾರಣ, ಈ ಫಂಕ್ಷನ್ ಉತ್ತರವನ್ನು ಮೈನಸ್‌ನಲ್ಲೇ ಕೊಡುತ್ತೆ, ನಮ್ಮ ಕೈಯಿಂದ ಹೋದ ದುಡ್ಡಲ್ವಾ. ಅದಕ್ಕೇ ಕೂಡಬೇಕು. ಇನ್ನೊಂದು ಸಲ 12ರಿಂದ ಭಾಗಿಸೋದು ಮರೆತು, 36 ಕಂತಿಗೆ ಅಸಲು ಬರೀ 686 ರೂಪಾಯಿ ಅಂತ ತೋರಿಸಿತು. ಅಸಲು ಹೀಗೆ ಚಿಲ್ಲರೆಯಷ್ಟು ಬಂದರೆ ಮೊದಲು ಆ 12 ಇದೆಯಾ ನೋಡಿ. ಇನ್ನು B4ರಲ್ಲಿ 0 ಹಾಕಿದರೆ #NUM! ಬರುತ್ತೆ. ಒಂದರಿಂದ ಸೊನ್ನೆಯವರೆಗೆ ಕಂತು ಎಲ್ಲಿಂದ ಬರಬೇಕು ಹೇಳಿ!

ಸರಿ, ಆದರೂ ಬ್ಯಾಂಕಿನ ಅಂಕಿಗೂ ನನ್ನದಕ್ಕೂ 2,312 ರೂಪಾಯಿ ವ್ಯತ್ಯಾಸ. ಏನೋ ಚಾರ್ಜ್ ಸೇರಿಸಿದ್ದಾರೆ ಅಂತ ಸುಮ್ನೆ ಅನುಮಾನಪಟ್ಟೆ. ಪತ್ರ ತೆಗೆದು ನೋಡಿದರೆ ಅದು ಕಂತಿನ ದಿನದ ಲೆಕ್ಕ ಅಲ್ಲ, 12 ದಿನ ಆದಮೇಲಿನದು. ದಿನಕ್ಕೆ ಬಡ್ಡಿ ಸುಮಾರು 194, 12 ದಿನಕ್ಕೆ 2,330. ಆದರೆ ಈಗ 18 ರೂಪಾಯಿಯಷ್ಟು ನನ್ನ ಕಡೆಯೇ ಜಾಸ್ತಿ ಉಳಿಯಿತು!

ಅದರ ಹಿಂದೆ ಬಿದ್ದಿದ್ದು ದುಡ್ಡಿಗಲ್ಲ, ಹಟಕ್ಕೆ. CUMPRINCಗೆ ನಾವು ಕಂತಿನ ಮೊತ್ತ ಹೇಳುವುದೇ ಇಲ್ಲ, ಅದೇ ಒಳಗೆ ಲೆಕ್ಕ ಹಾಕಿಕೊಳ್ಳುತ್ತೆ. ಅದರ ಪ್ರಕಾರ ಕಂತು 12,667.58. ಬ್ಯಾಂಕು ಅದನ್ನು 12,668ಕ್ಕೆ ಏರಿಸಿದೆ. ತಿಂಗಳಿಗೆ 42 ಪೈಸೆ ಹೆಚ್ಚು ಕಟ್ಟುತ್ತಾ ಬಂದು, ಬಡ್ಡಿಯೂ ಅಷ್ಟು ಕಡಿಮೆಯಾಗಿ, 36 ತಿಂಗಳಿಗೆ 17 ರೂಪಾಯಿ. ನಿಜವಾಗಿ ಕಟ್ಟಿದ ಕಂತನ್ನೇ ಹಿಡಿದು ಲೆಕ್ಕ ಮಾಡಬೇಕು ಅಂದರೆ FV ಅನ್ನೋ ಇನ್ನೊಂದು ಫಂಕ್ಷನ್ ಬೇಕು:

```
=-FV(B2/12,B4,-12668,B1)
```

ಇದು 7,87,323 ಕೊಟ್ಟಿತು. ಅದಕ್ಕೆ 2,330 ಕೂಡಿದೆ. ಬ್ಯಾಂಕಿನ ಅಂಕಿಗೂ ಇದಕ್ಕೂ ಒಂದು ರೂಪಾಯಿ ವ್ಯತ್ಯಾಸ, ಅದು ರೌಂಡ್ ಮಾಡಿದ್ದರಿಂದ ಬಂದದ್ದು.

ಇದನ್ನು ನೋಡಿ ಭಾವ ತನ್ನ ಮನೆ ಸಾಲದ ಕಾಗದ ತಂದ. ಅವನದು ಫ್ಲೋಟಿಂಗ್ ಬಡ್ಡಿ, 2025ರಲ್ಲಿ ರೆಪೋ ದರ ಇಳಿದಾಗ ಅವನ ಬಡ್ಡಿಯೂ ಇಳಿದಿತ್ತು. ಅಲ್ಲಿ ಒಂದೇ CUMPRINC ನಡೆಯಲ್ಲ, ಅದಕ್ಕೆ ಗೊತ್ತಿರೋದು ಒಂದೇ ಬಡ್ಡಿ. ಬಡ್ಡಿ ಬದಲಾದ ತಿಂಗಳಿಗೆ ನಿಲ್ಲಿಸಿ, ಆಗ ಉಳಿದ ಬಾಕಿಯನ್ನೇ ಹೊಸ ಸಾಲ, ಉಳಿದ ಕಂತುಗಳನ್ನೇ ಒಟ್ಟು ಕಂತು ಅಂತ ಹಿಡಿದು, ಹೊಸ ಬಡ್ಡಿ ಹಾಕಿ, ಕಂತಿನ ಎಣಿಕೆ ಮತ್ತೆ 1ರಿಂದ ಶುರು ಮಾಡಬೇಕು. ಬ್ಯಾಂಕು ಅವಧಿ ಹಾಗೇ ಬಿಟ್ಟು ಕಂತು ಇಳಿಸಿದ್ದರೆ ಇಷ್ಟು ಸಾಕು. ಅವನದರಲ್ಲಿ ಕಂತು ಹಾಗೇ ಇಟ್ಟು ಅವಧಿ ಕಡಿಮೆ ಮಾಡಿದ್ದರು. ಹಾಗಾದಾಗ ಉಳಿದ ಕಂತುಗಳ ಸಂಖ್ಯೆ ಪೂರ್ಣಾಂಕವಾಗಿ ಬರೋದಿಲ್ಲ, ಕೊನೆಯ ಕಂತು ಅರೆಬರೆ ಇರುತ್ತೆ, CUMPRINC ಹಾಕುವ ಕಂತು ಬ್ಯಾಂಕಿನದಕ್ಕೆ ಹೊಂದಲ್ಲ. ಅವನಿಗೆ ಪ್ರತಿ ತುಂಡಿಗೂ FV ಹಾಕಿಯೇ ಬಾಕಿ ತೆಗೆದುಕೊಟ್ಟೆ.