ಊರಿನ ಲ್ಯಾಬ್ ರಿಪೋರ್ಟು, ಯುಕೆಯ ಅಳತೆ: ಶುಗರ್, ಕೊಲೆಸ್ಟರಾಲ್, ಕ್ರಿಯಾಟಿನಿನ್ ಲೆಕ್ಕ

ಯುಕೆಗೆ ಬಂದು ಜಿಪಿ ಹತ್ತಿರ ಹೆಸರು ಬರೆಸಿದ ಮೇಲೆ ಮೊದಲ ಬ್ಲಡ್ ಟೆಸ್ಟ್ ಆಗುತ್ತದೆ. ಆ ರಿಪೋರ್ಟನ್ನು ಊರಿನದರ ಪಕ್ಕ ಇಟ್ಟು ನೋಡಿದರೆ ಗಾಬರಿಯಾಗುವುದು ಸಹಜ. ಊರಲ್ಲಿ 126 ಇದ್ದ ಫಾಸ್ಟಿಂಗ್ ಶುಗರ್ ಇಲ್ಲಿ 7. ಊರಲ್ಲಿ 1.1 ಇದ್ದ ಕ್ರಿಯಾಟಿನಿನ್ ಇಲ್ಲಿ 97. ಶುಗರ್ ಇಳಿದೂ ಇಲ್ಲ, ಕಿಡ್ನಿ ಕೆಟ್ಟೂ ಇಲ್ಲ. ಬದಲಾಗಿದ್ದು ಅಳತೆ ಮಾತ್ರ.

ಊರಿನ ಲ್ಯಾಬು ತೂಕ ಹೇಳುತ್ತದೆ: ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ. ರಿಪೋರ್ಟಲ್ಲಿ ಅದು mg/dL. ಇಲ್ಲಿನ ಲ್ಯಾಬು ಒಂದು ಲೀಟರಿನಲ್ಲಿ ಎಷ್ಟು ಅಣುಗಳಿವೆ ಅಂತ ಮಿಲಿಮೋಲ್ ಲೆಕ್ಕದಲ್ಲಿ ಹೇಳುತ್ತದೆ, ಅದು mmol/L. ಒಂದರಿಂದ ಇನ್ನೊಂದಕ್ಕೆ ಹೋಗಲು ಮೊದಲು 10ರಿಂದ ಗುಣಿಸಿ ಲೀಟರಿಗೆ ತನ್ನಿ, ಆಮೇಲೆ ಆ ವಸ್ತುವಿನ ಅಣುತೂಕದಿಂದ ಭಾಗಿಸಿ. ಒಂದೊಂದು ವಸ್ತುವಿನ ಅಣುತೂಕ ಒಂದೊಂದು, ಅದಕ್ಕೇ ಶುಗರಿನ ಸಂಖ್ಯೆ ಕೊಲೆಸ್ಟರಾಲಿಗೆ ಹೊಂದುವುದಿಲ್ಲ.

ಗ್ಲೂಕೋಸಿನ ಅಣುತೂಕ ಸುಮಾರು 180. ಡೆಸಿಲೀಟರಿಗೆ 126 ಮಿಲಿಗ್ರಾಂ ಅಂದರೆ ಲೀಟರಿಗೆ 1260, ಅದನ್ನು 180ರಿಂದ ಭಾಗಿಸಿದರೆ 7.0. ಎರಡು ಹೆಜ್ಜೆ ಸೇರಿಸಿ ಹೇಳುವುದಾದರೆ 18ರಿಂದ ಭಾಗಿಸಿದರೆ ಸಾಕು, ವಾಪಸ್ ಬರಲು 18ರಿಂದ ಗುಣಿಸಿ. ಊರಿನ ಡಾಕ್ಟರು "70ಕ್ಕಿಂತ ಕೆಳಗೆ ಹೋಗಬಾರದು" ಅಂದಿದ್ದರೆ ಅದು ಇಲ್ಲಿ 3.9. ಇಲ್ಲಿನವರು ಸುಲಭಕ್ಕೆ 4 ಅನ್ನುತ್ತಾರೆ.

ಊಟವಾದ ಮೇಲೆ 180 ಬಂದರೆ ಇಲ್ಲಿ 10.0. ಇಷ್ಟರಲ್ಲಿ ತೊಂದರೆಯೇನೂ ಇಲ್ಲ. ನಿಜವಾದ ಅಪಾಯ ಇರುವುದು ಎರಡೂ ಅಳತೆಯಲ್ಲಿ ಬರಬಹುದಾದ ಸಂಖ್ಯೆಯಲ್ಲಿ. ಅಪ್ಪ ಫೋನಲ್ಲಿ "ಮೀಟರು 25 ತೋರಿಸ್ತಿದೆ" ಅಂದರು ಅಂತಿಟ್ಟುಕೊಳ್ಳಿ. ಊರಿಂದ ತಂದ ಮೀಟರಾದರೆ 25 ಅಂದರೆ ತೀರಾ ಕಡಿಮೆ, ತಕ್ಷಣ ಸಹಾಯ ಬೇಕು. ಇಲ್ಲಿ ಕೊಟ್ಟ ಮೀಟರಾದರೆ ಅದೇ 25 ಊರಿನ ಲೆಕ್ಕದಲ್ಲಿ 450, ತೀರಾ ಜಾಸ್ತಿ. ಊರಿನ ಮೀಟರಿನ 25ಕ್ಕೆ ಸಕ್ಕರೆ ಕೊಡಬೇಕು, ಇಲ್ಲಿನ ಮೀಟರಿನ 25ಕ್ಕೆ ಕೊಡಲೇಬಾರದು. ಆದ್ದರಿಂದ ಮೀಟರಿನ ಪರದೆಯಲ್ಲಿ ಸಂಖ್ಯೆಯ ಕೆಳಗೋ ಪಕ್ಕಕ್ಕೋ ಇರುವ ಸಣ್ಣ ಅಕ್ಷರ ಓದಿ ಹೇಳುವುದನ್ನು ಮನೆಯವರಿಗೆ ಕಲಿಸಿ, ಆಗುವುದಾದರೆ ಒಂದೇ ಮೀಟರು ಬಳಸಿ.

ಕೊಲೆಸ್ಟರಾಲಿನ ಅಣು ಗ್ಲೂಕೋಸಿನ ಎರಡು ಪಟ್ಟಿಗಿಂತ ಜಾಸ್ತಿ ಭಾರ, ಹಾಗಾಗಿ 38.67ರಿಂದ ಭಾಗಿಸಬೇಕು. ಟೋಟಲ್ 200 ಇದ್ದರೆ 5.2, ಎಲ್‌ಡಿಎಲ್ 130 ಇದ್ದರೆ 3.4. ಎಚ್‌ಡಿಎಲ್‌ಗೂ ಇದೇ ಸಂಖ್ಯೆ. ಆದರೆ ಅದೇ ಪುಟದಲ್ಲಿ ಅದರ ಕೆಳಗೇ ಇರುವ ಟ್ರೈಗ್ಲಿಸರೈಡ್ಸ್ ಬೇರೆ ವಸ್ತು, ಅದಕ್ಕೆ 88.57. ಜನ ತಪ್ಪುವುದು ಇಲ್ಲೇ. 150ನ್ನು 38.67ರಿಂದ ಭಾಗಿಸಿಬಿಟ್ಟರೆ 3.9 ಬಂದು ಸುಮ್ನೆ ಭಯವಾಗುತ್ತದೆ, ಸರಿಯಾದ ಉತ್ತರ 1.7. ಟೋಟಲನ್ನು ಎಚ್‌ಡಿಎಲ್‌ನಿಂದ ಭಾಗಿಸಿದ ಅನುಪಾತಕ್ಕೆ ಅಳತೆಯೇ ಇಲ್ಲ, ಎರಡೂ ದೇಶದಲ್ಲಿ ಅದು ಒಂದೇ. ನಿಮ್ಮ ಲೆಕ್ಕ ಸರಿಯಿದೆಯಾ ಅಂತ ನೋಡಲು ಇದು ಒಳ್ಳೇ ದಾರಿ: 200 ಮತ್ತು 50ರ ಅನುಪಾತ 4, ಬದಲಿಸಿದ 5.17 ಮತ್ತು 1.29ರ ಅನುಪಾತವೂ 4 ಬರಬೇಕು.

ಕ್ರಿಯಾಟಿನಿನ್ ಅಣುತೂಕ 113.12. 1.1ನ್ನು 10ರಿಂದ ಗುಣಿಸಿ 113.12ರಿಂದ ಭಾಗಿಸಿದರೆ 0.097 ಮಿಲಿಮೋಲ್. ಇಷ್ಟು ಚಿಕ್ಕ ಸಂಖ್ಯೆ ಓದುವುದು ಕಷ್ಟ ಅಲ್ವಾ, ಅದಕ್ಕೇ ಇಲ್ಲಿ ಸಾವಿರದಿಂದ ಗುಣಿಸಿ ಮೈಕ್ರೋಮೋಲ್‌ನಲ್ಲಿ ಕೊಡುತ್ತಾರೆ: 97 µmol/L. ನೇರವಾಗಿ ಮಾಡಬೇಕೆಂದರೆ ಊರಿನ ಸಂಖ್ಯೆಯನ್ನು 88.4ರಿಂದ ಗುಣಿಸಿ. ಶುಗರಿಗೆ ಭಾಗಿಸಿದ್ದೀವಿ ಅಂತ ಇಲ್ಲೂ ಭಾಗಿಸಬೇಡಿ. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಹೇಳುವ eGFR ಅನ್ನು ಆನ್‌ಲೈನಿನಲ್ಲಿ ಲೆಕ್ಕ ಹಾಕುವಾಗ ಇನ್ನೂ ಹುಷಾರು: mg/dL ಆರಿಸಿರುವ ಜಾಗದಲ್ಲಿ 97 ತುಂಬಿದರೆ ಕಿಡ್ನಿ ಕೆಲಸವೇ ಮಾಡುತ್ತಿಲ್ಲ ಅನ್ನುವಂಥ ಉತ್ತರ ಬರುತ್ತದೆ.

ಹಳೇ ರಿಪೋರ್ಟುಗಳನ್ನು ಜಿಪಿಗೆ ಕೊಡುವಾಗ ಊರಿನ ಸಂಖ್ಯೆ ಅಳಿಸಬೇಡಿ. ಅದನ್ನು ಅಳತೆ ಸಮೇತ ಹಾಗೇ ಬಿಟ್ಟು, ಬದಲಿಸಿದ್ದನ್ನು ಪಕ್ಕದಲ್ಲಿ ಬರೆಯಿರಿ. ಬದಲಿಸಿದ ಮೇಲೂ 97ರ ಬದಲು 101 ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಲ್ಯಾಬು ಬದಲಾದರೆ ಅಷ್ಟು ವ್ಯತ್ಯಾಸ ಬರುತ್ತದೆ.

ಇನ್ನೊಂದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಗೆ ಈ 18ರ ಲೆಕ್ಕ ನಡೆಯುವುದಿಲ್ಲ. ಊರಿನ 7 ಪರ್ಸೆಂಟ್ ಇಲ್ಲಿ 53 mmol/mol ಅಂತ ಬರುತ್ತದೆ. ಅದನ್ನು ಬದಲಿಸಲು ಪರ್ಸೆಂಟಿನಿಂದ 2.15 ಕಳೆದು 10.93ರಿಂದ ಗುಣಿಸಿ.