ಹಬ್ಬದ ಫೋಟೊದಲ್ಲಿ ಕಲಶ, ಶಂಖ ಗುರುತಿಸುವುದು: ನನ್ನ ಅನುಭವ

ಮನೆಯ ಹಳೇ ಹಬ್ಬದ ಫೋಟೊಗಳಿಗೆ ಹೆಸರು, ವಿವರ ಬರೆದಿಡುವಾಗ ನಾನು ಪಾಲಿಸುವ ನಿಯಮ ಒಂದೇ. ದೂರದಿಂದ ಕಂಡ ಆಕಾರವನ್ನು ನಂಬುವುದಿಲ್ಲ, ಭಾಗಗಳನ್ನು ಹುಡುಕುತ್ತೇನೆ. ವರಮಹಾಲಕ್ಷ್ಮಿ ಹಬ್ಬದ ಒಂದು ಫೋಟೊವನ್ನೇ ತೆಗೆದುಕೊಳ್ಳಿ. ನಡುವೆ ಸೀರೆ ಉಡಿಸಿದ ದೇವಿ, ಪಕ್ಕದಲ್ಲಿ ಶಂಖ, ಎರಡೂ ಕಡೆ ಕಾಲುದೀಪ, ಮುಂದೆ ತಾವರೆ.

ಇಲ್ಲಿ ಕಲಶ ಎಲ್ಲಿದೆ? ಬೆಳ್ಳಿಯ ಮುಖವಾಡ, ಸೀರೆ, ಒಡವೆಗಳ ಹಿಂದೆ ಚೊಂಬು ಪೂರ್ತಿ ಮುಚ್ಚಿಹೋಗಿರುತ್ತದೆ. ಅದಕ್ಕೇ ಮೇಲಿನಿಂದ ನೋಡಬೇಕು. ಮುಖವಾಡದ ಹಿಂದೆ ತೆಂಗಿನಕಾಯಿಯ ಜುಟ್ಟು, ಕಾಯಿಯ ಬುಡದಲ್ಲಿ ಹೊರಕ್ಕೆ ಬಾಗಿದ ಮಾವಿನ ಎಲೆ ಅಥವಾ ವೀಳ್ಯದೆಲೆ ಕಂಡರೆ ಅದು ಕಲಶವೇ. ಎಲೆಯೂ ಕಾಯಿಯೂ ಇಲ್ಲದೆ ಬರೀ ಹೊಳೆಯುವ ಪಾತ್ರೆ ಇದ್ದರೆ ನಾನು ‘ಚೊಂಬು’ ಎಂದಷ್ಟೇ ಬರೆಯುತ್ತೇನೆ. ಎಲೆಯ ಲೆಕ್ಕದಲ್ಲಿ ಎಡವುವವರು ಹೆಚ್ಚು. ಸುತ್ತ ಐದು ಎಲೆ ಇಟ್ಟಿದ್ದರೂ ಎದುರಿನಿಂದ ಮೂರೇ ಕಾಣಬಹುದು. ‘ಮೂರೆಲೆಯ ಕಲಶ’ ಎಂದು ಬರೆದರೆ ತಪ್ಪು, ‘ಮೂರು ಎಲೆ ಕಾಣುತ್ತಿವೆ’ ಎಂದರೆ ಸರಿ. ಐದು ಬತ್ತಿಯ ಕಾಲುದೀಪಕ್ಕೂ ಇದೇ ಮಾತು. ಹಿಂದಿನ ಜ್ವಾಲೆಗಳು ದೀಪದ ನಡುಗಂಬದ ಮರೆಗೆ ಹೋಗುತ್ತವೆ. ಹಿತ್ತಾಳೆ ತಟ್ಟೆಯಲ್ಲಿ ಕಾಣುವ ಪ್ರತಿಬಿಂಬವನ್ನು ಇನ್ನೊಂದು ಹಣತೆ ಎಂದು ಎಣಿಸುವವರೂ ಇದ್ದಾರೆ.

ತಾವರೆ ಸುಲಭ. ಹೂವಿನ ನಡುವೆ ಮೇಲ್ಭಾಗ ಚಪ್ಪಟೆಯಾದ, ತೂತುತೂತಾದ ಕಾಯಿ ಕಂಡರೆ ತಾವರೆ. ನೈದಿಲೆಯಲ್ಲಿ ಅದಿರುವುದಿಲ್ಲ. ನೈದಿಲೆಯ ಎಲೆಗೆ ಅಂಚಿನಿಂದ ತೊಟ್ಟಿನವರೆಗೆ ಸೀಳು ಇರುತ್ತದೆ, ತಾವರೆ ಎಲೆ ಸೀಳಿಲ್ಲದ ದುಂಡು ತಟ್ಟೆ.

ನಿಜವಾದ ತಲೆನೋವು ಶಂಖದ್ದು. ಅದು ಶಂಖ ಎಂದು ಗುರುತಿಸುವುದು ಕಷ್ಟವಲ್ಲ, ಎಡಮುರಿಯೋ ಬಲಮುರಿಯೋ ಎನ್ನುವುದು ಕಷ್ಟ. ನೋಡುವ ಕ್ರಮ ಹೀಗೆ: ಸುರುಳಿ ಇರುವ ತುದಿ ಕೆಳಗೆ, ಉದ್ದಕ್ಕೆ ಚಾಚಿದ ಕಿರಿದಾದ ಮೂತಿ ಮೇಲೆ, ಸೀಳುಬಾಯಿ ನಮ್ಮ ಕಡೆ. ಆಗ ಬಾಯಿ ನಮ್ಮ ಎಡಕ್ಕಿದ್ದರೆ ಸಾಮಾನ್ಯ ಎಡಮುರಿ, ಬಲಕ್ಕಿದ್ದರೆ ಅಪರೂಪದ ಬಲಮುರಿ. ಶಂಖ ಅಡ್ಡ ಮಲಗಿದ್ದರೆ ಫೋಟೊವನ್ನೇ ತಿರುಗಿಸಿ ಈ ಸ್ಥಿತಿಗೆ ತರಬೇಕು. ಊದುವ ಶಂಖದಲ್ಲಿ ಸುರುಳಿಯ ತುದಿಯನ್ನು ಕತ್ತರಿಸಿ ತೂತು ಮಾಡಿರುತ್ತಾರೆ. ಆ ತೂತನ್ನೇ ಮೂತಿ ಎಂದುಕೊಂಡರೆ ಉತ್ತರ ತಲೆಕೆಳಗಾಗುತ್ತದೆ. ಪ್ರಾಣಿಶಾಸ್ತ್ರದವರು ಸುರುಳಿ ತುದಿ ಮೇಲಿಟ್ಟು ನೋಡುವುದರಿಂದ ನಮ್ಮ ಎಡಮುರಿ ಅವರಿಗೆ ಬಲಸುರುಳಿ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಓದಿದವರಿಗೆ ತಲೆ ತಿರುಗುವುದು ಇದರಿಂದಲೇ.

ನಮ್ಮ ಫೋಟೊದಲ್ಲಿ ಬಾಯಿ ಬಲಕ್ಕೆ ಕಂಡಿತು ಎನ್ನಿ. ತಕ್ಷಣ ‘ಬಲಮುರಿ’ ಎಂದು ಬರೆಯಬೇಡಿ, ಫೋಟೊವೇ ಕನ್ನಡಿಬಿಂಬವಾಗಿರಬಹುದು. ಫೋನಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ಹಳೇ ಫಿಲ್ಮಿನ ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದರೂ ಅಷ್ಟೇ. ಮೊದಲು ಗೋಡೆಯ ಕ್ಯಾಲೆಂಡರಿನ ಅಂಕಿ, ಬಾಗಿಲ ಮೇಲಿನ ಬರಹ ನೋಡಿ. ಅಕ್ಷರ ಇಲ್ಲದಿದ್ದರೆ ರಂಗೋಲಿಯಲ್ಲೋ ಹೊಸ್ತಿಲಲ್ಲೋ ಸ್ವಸ್ತಿಕ ಹುಡುಕಿ. ವಾಡಿಕೆಯ ಸ್ವಸ್ತಿಕದಲ್ಲಿ ಮೇಲಿನ ತೋಳು ಬಲಕ್ಕೆ ಬಾಗುತ್ತದೆ. ಯಾವ ದಿಕ್ಕಿನಲ್ಲಿ ನಿಂತು ನೋಡಿದರೂ ಅದು ಬದಲಾಗದು, ಕನ್ನಡಿಯಲ್ಲಿ ಮಾತ್ರ ಬದಲಾಗುತ್ತದೆ. ಪಾರದರ್ಶಕ ಗಾಜಿಗೆ ಅಂಟಿಸಿದ ಸ್ಟಿಕರ್ ಮಾತ್ರ ಲೆಕ್ಕಕ್ಕಿಲ್ಲ, ಅದು ಒಳಗಿನಿಂದ ಉಲ್ಟಾ ಕಾಣುತ್ತದೆ. ನಿಂತಿರುವ ಹೆಂಗಸರ ಸೆರಗೂ ಒಂದು ಸುಳಿವು. ಸಾಮಾನ್ಯವಾಗಿ ಅದು ಅವರ ಎಡಭುಜದ ಮೇಲೆ, ಅಂದರೆ ಎದುರಿನಿಂದ ನೋಡುವ ನಮ್ಮ ಬಲಕ್ಕಿರುತ್ತದೆ. ಕೊಡಗಿನ ಉಡುಗೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಈ ಚಿತ್ರದಲ್ಲಿ ಸ್ವಸ್ತಿಕದ ಮೇಲಿನ ತೋಳು ಎಡಕ್ಕಿತ್ತು, ಕ್ಯಾಲೆಂಡರಿನ ಅಂಕಿಗಳೂ ಉಲ್ಟಾ. ಫೋಟೊ ಮಗುಚಿದಾಗ ಶಂಖದ ಬಾಯಿ ಎಡಕ್ಕೆ ಬಂತು. ಎಲ್ಲರ ಮನೆಯಲ್ಲಿರುವ ಎಡಮುರಿಯೇ ಅದು. ಗಣಪತಿಯ ಸೊಂಡಿಲೂ ಹೀಗೇ ಮೋಸ ಮಾಡುತ್ತದೆ: ತನ್ನ ಎಡಕ್ಕೆ ಸೊಂಡಿಲು ತಿರುಗಿಸಿದ ಗಣಪ ಉಲ್ಟಾ ಫೋಟೊದಲ್ಲಿ ಬಲಮುರಿ ಗಣಪನಾಗುತ್ತಾನೆ.

ಮಗುಚಬೇಕಾದ ಸುಳಿವೇ ಸಿಗದೆ, ಬಾಯಿ ಬಲಕ್ಕೇ ಉಳಿದರೂ ಒಂದು ಅನುಮಾನ ಇಟ್ಟುಕೊಳ್ಳುತ್ತೇನೆ. ಅಮೆರಿಕದ ಕರಾವಳಿಯ ಬೇರೊಂದು ಜಾತಿಯ ಚಿಪ್ಪಿಗೆ ಬಾಯಿ ಸಹಜವಾಗಿಯೇ ಆ ಕಡೆ. ಅದನ್ನು ಬಲಮುರಿ ಎಂದು ಮಾರುತ್ತಾರೆ. ನಿಜವಾದ ಶಂಖದ ಬಾಯೊಳಗೆ, ನಡುಗಂಬದ ಮೇಲೆ ಮೂರೋ ನಾಲ್ಕೋ ಎದ್ದುಕಾಣುವ ಮಡಿಕೆಗಳಿರುತ್ತವೆ, ಆ ಚಿಪ್ಪಿನಲ್ಲಿ ಇರುವುದಿಲ್ಲ. ಫೋಟೊದಲ್ಲಿ ಬಾಯೊಳಗೆ ನೆರಳು ಕವಿದಿದ್ದರೆ ನಾನು ಬರೆಯುವುದು ‘ಶಂಖ, ಬಾಯಿ ಬಲಕ್ಕೆ’ ಎಂದಷ್ಟೇ.