ಸಾಲ ತೀರಿತು, ಪತ್ರಗಳು ಕೈಗೆ ಬಂದದ್ದು ಹೀಗೆ

ಕುಶಾಲನಗರದ ನಮ್ಮ ಮನೆ ಸಾಲದ ಖಾತೆ ಬ್ಯಾಂಕಿನ ಮಡಿಕೇರಿ ಶಾಖೆಯಲ್ಲಿತ್ತು. ಬಾಕಿ ಕಟ್ಟಿದ ದಿನವೇ ಅರ್ಜಿಯೊಂದನ್ನು ಕೊಟ್ಟು, ಅದರ ಪ್ರತಿಯ ಮೇಲೆ ತಾರೀಕಿನ ಸಮೇತ ಸೀಲು ಹಾಕಿಸಿಕೊಂಡೆ. ಕೇಳಿದ್ದು ಎರಡೇ: ನೋ ಡ್ಯೂ ಸರ್ಟಿಫಿಕೇಟ್ ಮತ್ತು ಮೂಲ ಪತ್ರಗಳು.

"ಪತ್ರಗಳೆಲ್ಲ ಬೆಂಗಳೂರಲ್ಲಿವೆ, ನೀವೇ ಹೋಗಿ ತಗೊಳ್ಳಿ" ಅಂದರು. ನಾನು ಒಪ್ಪಲಿಲ್ಲ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಖಾತೆ ಇದ್ದ ಶಾಖೆಯಲ್ಲೇ ಪತ್ರ ಪಡೆಯುವ ಆಯ್ಕೆ ಸಾಲಗಾರನದು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಪತ್ರ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದನ್ನು ಅರ್ಜಿಯಲ್ಲೇ ಬರೆದಿದ್ದೆ. ಅದನ್ನು ತೋರಿಸಿದ ಮೇಲೆ ಮಡಿಕೇರಿಗೇ ತರಿಸಲು ಒಪ್ಪಿದರು.

ಸಾಲ ನನ್ನ ಮತ್ತು ಹೆಂಡತಿಯ ಹೆಸರಲ್ಲಿದ್ದುದರಿಂದ ಇಬ್ಬರೂ ಹೋದೆವು. ಲಕೋಟೆ ಮುಂದಿಟ್ಟು, "ಎಲ್ಲ ಪತ್ರ ತಲುಪಿದೆ" ಅಂತ ಅಚ್ಚಾದ ಹಾಳೆಗೆ ಸಹಿ ಕೇಳಿದರು. ಇಲ್ಲಿ ಅವಸರ ಮಾಡಲೇಬಾರದು. ಸಾಲ ತಗೊಂಡಾಗ ಕೊಟ್ಟ ಪತ್ರಗಳ ಪಟ್ಟಿಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅದನ್ನು ಹಿಡಿದು ಒಂದೊಂದೇ ಹಾಳೆ ತಾಳೆ ನೋಡಿದೆವು. ನಮ್ಮ ಕ್ರಯಪತ್ರ ಇತ್ತು, ಖಾತೆ ಕಾಗದ ಇತ್ತು. ನಮಗೆ ಜಾಗ ಮಾರಿದವರು ಹಿಂದೆ ಮಾಡಿಸಿಕೊಂಡಿದ್ದ ಕ್ರಯಪತ್ರದ ಜಾಗದಲ್ಲಿ ಮಾತ್ರ ಜೆರಾಕ್ಸ್ ಇತ್ತು. ಮುದ್ರೆ ಇದೆ, ಆದರೆ ಮುದ್ರೆಯ ಶಾಯಿ ಪೂರ್ತಿ ಕಪ್ಪು, ಬೆರಳಾಡಿಸಿದರೆ ಹಿಂಬದಿಯಲ್ಲಿ ಸಹಿಯ ಒತ್ತು ಸಿಗುವುದಿಲ್ಲ.

"ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತಲ್ವಾ ಸರ್?" ಅಂದರು. ಸಿಗುತ್ತದೆ, ಆದರೆ ಅದು ಮೂಲ ಪತ್ರ ಅಲ್ಲ. ಕಳೆದುಹೋಗಿದ್ದರೆ ಹಾಗಂತ ಬರೆದುಕೊಡಿ, ನಕಲು ಮಾಡಿಸುವ ಖರ್ಚು ನಿಮ್ಮದೇ ಅಂದೆ. ಅದೂ ಸುತ್ತೋಲೆಯಲ್ಲಿದೆ, ಅಂಥ ಸಂದರ್ಭದಲ್ಲಿ ಅವರಿಗೆ ಇನ್ನೂ 30 ದಿನ ಸಿಗುತ್ತದೆ. ಸ್ವೀಕೃತಿಯಲ್ಲಿ "ಈ ಪತ್ರದ ಮೂಲ ತಲುಪಿಲ್ಲ" ಅಂತ ಕೈಬರಹದಲ್ಲಿ ಸೇರಿಸಿ, ಆಮೇಲೆ ಸಹಿ ಹಾಕಿದೆವು. ಹುಡುಕಿದಾಗ ಅದು ಬೇರೆಯವರ ಫೈಲಿನಲ್ಲಿ ಸಿಕ್ಕಿತು. ಸುಮ್ನೆ ಸಹಿ ಹಾಕಿ ಬಂದಿದ್ದರೆ ಹುಡುಕುವವರೇ ಇರುತ್ತಿರಲಿಲ್ಲ.

ನೋ ಡ್ಯೂ ಸರ್ಟಿಫಿಕೇಟಿನಲ್ಲಿ ಸಾಲದ ಖಾತೆ ಸಂಖ್ಯೆ, ಮುಗಿದ ದಿನಾಂಕ, ಬಾಕಿ ಏನೂ ಇಲ್ಲ ಎಂಬ ಮಾತು, ಆಸ್ತಿಯ ವಿವರ ನಾಲ್ಕೂ ಇರುವಂತೆ ನೋಡಿಕೊಂಡೆ. ಮೊದಲು ಕೊಟ್ಟದ್ದರಲ್ಲಿ ಆಸ್ತಿಯ ವಿವರವೇ ಇರಲಿಲ್ಲ, ತಿದ್ದಿಸಿದೆ.

ಇಷ್ಟಾದರೂ, ಆಸ್ತಿಯ ಮೇಲಿನ ಋಣಭಾರ ತೋರಿಸುವ ಇಸಿ ತೆಗೆಸಿದರೆ ಅಡಮಾನ ಹಾಗೇ ಕಾಣುತ್ತಿತ್ತು. ಸಾಲ ಕೊಡುವಾಗ ಅಡಮಾನದ ಪತ್ರವನ್ನು ನೋಂದಣಿ ಮಾಡಿಸಿದ್ದರು. ಅದನ್ನು ಬಿಡಿಸಲು ಶಾಖೆಯ ಅಧಿಕಾರಿ ನಮ್ಮ ಜೊತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಾಯಿತು. ಹಳೆಯ ನಮೂದು ಇಸಿಯಿಂದ ಅಳಿಸಿಹೋಗುವುದಿಲ್ಲ. ಈಗ ಅದರ ಜೊತೆಗೆ ಬಿಡುಗಡೆಯ ನಮೂದೂ ಬಂದಿದೆ. ಮುಂದೆ ಜಾಗ ಕೊಳ್ಳುವವರು ನೋಡುವುದು ಅದನ್ನೇ.